ಇಂಟರ್ನ್‌ಶಿಪ್ ಕೇಳುವ ಮೇಲ್‌ಗೆ ಇಬ್ಬರು ಓದುಗರು

ಎಂಜಿನಿಯರಿಂಗ್ ವಿದ್ಯಾರ್ಥಿ ಕಂಪನಿಗೆ ಕಳಿಸುವ ಇಂಟರ್ನ್‌ಶಿಪ್ ಅರ್ಜಿ ಮೊದಲು ತಲುಪುವುದು ಎಚ್‌ಆರ್ ವಿಭಾಗವನ್ನು. ಆದರೆ ಇಂಟರ್ನ್ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಮಧ್ಯಮ ಗಾತ್ರದ ಒಂದು ಕಂಪನಿಯಲ್ಲಿ ನಡೆಯುವುದು ಹೀಗೆ: ಎಚ್‌ಆರ್‌ನವರು ಮೇಲ್ ತೆರೆದು, ತಮಗೆ ಬೇಕಾದ ನಾಲ್ಕು ವಿವರ ಇವೆಯೇ ಎಂದು ನೋಡುತ್ತಾರೆ. ಇದ್ದರೆ, ‘ನಿಮ್ಮ ಟೀಮ್‌ಗೆ ಬೇಕಾಗಬಹುದೇ ನೋಡಿ’ ಎಂಬ ಒಂದು ಸಾಲು ಸೇರಿಸಿ ಸಂಬಂಧಪಟ್ಟ ಟೀಮ್ ಲೀಡ್‌ಗೆ ಫಾರ್ವರ್ಡ್ ಮಾಡುತ್ತಾರೆ. ಆ ಎಂಜಿನಿಯರ್ ತನ್ನ ಕೆಲಸದ ನಡುವೆ, ಬಹುಶಃ ಮೊಬೈಲ್‌ನಲ್ಲೇ, ಅದನ್ನು ಓದಿ ಹೂಂ ಅಥವಾ ಉಹುಂ ಅನ್ನುತ್ತಾರೆ. ಅಂದರೆ ಒಂದೇ ಮೇಲ್‌ಗೆ ಇಬ್ಬರು ಓದುಗರು. ಮೊದಲನೆಯವರಿಗೆ ತಾಂತ್ರಿಕ ವಿವರ ಬೇಕಿಲ್ಲ, ಎರಡನೆಯವರಿಗೆ ಅದರ ಹೊರತು ಬೇರೇನೂ ಬೇಕಿಲ್ಲ. ಬಹುಪಾಲು ಅರ್ಜಿಗಳು ಸೋಲುವುದು ಈ ಇಬ್ಬರಲ್ಲಿ ಒಬ್ಬರನ್ನು ಮರೆತದ್ದಕ್ಕೆ.

ಎಚ್‌ಆರ್‌ನವರು ಹುಡುಕುವ ನಾಲ್ಕು ವಿವರಗಳೆಂದರೆ: ವಿದ್ಯಾರ್ಥಿ ಯಾವ ಬ್ರಾಂಚ್‌ನ ಯಾವ ಸೆಮಿಸ್ಟರ್‌ನಲ್ಲಿದ್ದಾನೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಬರಬಲ್ಲ, ಕಂಪನಿ ಇರುವ ಊರಿಗೆ ಬಂದು ಕೆಲಸ ಮಾಡಬಲ್ಲನೇ, ಕಾಲೇಜಿನಿಂದ ಅನುಮತಿ ಪತ್ರ ಸಿಗುತ್ತದೆಯೇ. ಇವುಗಳಲ್ಲಿ ತಾರೀಖಿಗೆ ಹೆಚ್ಚಿನ ತೂಕ. ‘ಆದಷ್ಟು ಬೇಗ’ ಅಥವಾ ‘ಮುಂದಿನ ಸೆಮಿಸ್ಟರ್‌ನಲ್ಲಿ’ ಎಂದು ಬರೆದರೆ ಎಚ್‌ಆರ್‌ನವರು ಮತ್ತೊಂದು ಮೇಲ್ ಬರೆದು ಕೇಳಬೇಕಾಗುತ್ತದೆ. ಅರ್ಜಿ ಒಂದೇ ಇದ್ದರೆ ಕೇಳಿಯಾರು, ರಾಶಿ ಬಿದ್ದಿರುವಾಗ ಕೇಳುವುದಿಲ್ಲ. ಎಲ್ಲ ಕಾಲೇಜುಗಳ ಸೆಮಿಸ್ಟರ್ ಒಂದೇ ದಿನ ಆರಂಭವಾಗುವುದೂ ಇಲ್ಲ. ಬೆಳಗಾವಿಯ ವಿಟಿಯು ಅಡಿಯ ಕಾಲೇಜಿಗೊಂದು ವೇಳಾಪಟ್ಟಿ, ಸ್ವಾಯತ್ತ ಕಾಲೇಜಿಗೆ ಇನ್ನೊಂದು, ಖಾಸಗಿ ವಿಶ್ವವಿದ್ಯಾಲಯಕ್ಕೆ ಮಗದೊಂದು. ಅದನ್ನು ಕಂಪನಿಯವರು ಊಹಿಸಿಕೊಳ್ಳಲಿ ಎಂದು ಬಿಡುವಂತಿಲ್ಲ.

ಒಂದು ನಿದರ್ಶನ ಇಟ್ಟುಕೊಂಡು ಮುಂದುವರಿದರೆ ವಿಷಯ ಸ್ಪಷ್ಟವಾಗುತ್ತದೆ. ತುಮಕೂರಿನ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ಓದುತ್ತಿರುವ, ಏಳನೇ ಸೆಮಿಸ್ಟರ್‌ನ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಕಾರ್ಖಾನೆಗಳ ಮೋಟಾರು, ಪಂಪುಗಳ ಮೇಲೆ ನಿಗಾ ಇಡುವ ಉಪಕರಣ ತಯಾರಿಸುವ, ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಕಂಪನಿಗೆ ಅವಳು ಮೇಲ್ ಬರೆಯುತ್ತಿದ್ದಾಳೆ. ಅವಳ ತಂಡದ ಪ್ರಾಜೆಕ್ಟೂ ಹೆಚ್ಚು ಕಡಿಮೆ ಅದೇ ಜಾಡಿನದು. ಕಾಲೇಜಿನ ಲ್ಯಾಬ್‌ನಲ್ಲಿರುವ ಎರಡು ಎಚ್‌ಪಿ ಮೋಟಾರಿನ ಬೇರಿಂಗ್ ಹಾಳಾಗುತ್ತಿದೆಯೇ ಎಂಬುದನ್ನು ಅದರ ಅದುರುವಿಕೆಯಿಂದ ಪತ್ತೆ ಹಚ್ಚುವುದು.

ಮೊದಲು ಸಬ್ಜೆಕ್ಟ್ ಸಾಲು. ‘ಅಪ್ಲಿಕೇಶನ್ ಫಾರ್ ಇಂಟರ್ನ್‌ಶಿಪ್’ ಎಂಬಷ್ಟೇ ಇರುವ ಮೇಲ್‌ಗಳು ಎಚ್‌ಆರ್ ಪೆಟ್ಟಿಗೆಯಲ್ಲಿ ಒಂದರ ಕೆಳಗೊಂದು ಸಾಲುಗಟ್ಟಿರುತ್ತವೆ. ಇದು ಯಾರದು, ಅದು ಯಾರದು ಎಂದು ತೆರೆಯದೆ ಗೊತ್ತಾಗುವುದಿಲ್ಲ. ಮೂರು ದಿನ ಬಿಟ್ಟು ಅದೇ ಮೇಲ್ ಹುಡುಕಬೇಕಾದಾಗಲೂ ಸಿಗುವುದಿಲ್ಲ. ಸಬ್ಜೆಕ್ಟ್ ಸಾಲೇ ಕಡತದ ಹೆಸರಿನಂತೆ ಕೆಲಸ ಮಾಡಬೇಕು. ಈ ವಿದ್ಯಾರ್ಥಿನಿ ಬರೆಯಬಹುದಾದದ್ದು:

```
Internship (Embedded), 2 Feb - 29 May 2026, BE ECE 7th sem
```

ಯಾವ ಕೆಲಸ, ಎಂದಿನಿಂದ ಎಂದಿನವರೆಗೆ, ಯಾರು ಎಂಬ ಮೂರೂ ಇಷ್ಟರಲ್ಲಿ ಬಂದವು. ಮೊಬೈಲ್ ಪರದೆಯಲ್ಲಿ ಸಬ್ಜೆಕ್ಟಿನ ಕೊನೆ ಕತ್ತರಿಸಿಹೋಗುವುದರಿಂದ ಮುಖ್ಯವಾದದ್ದು ಮುಂದೆ ಇರಬೇಕು. ಇಲ್ಲಿ ಒಂದು ಎಚ್ಚರ ಬೇಕು. ಇಂಟರ್ನ್‌ಶಿಪ್ ಎನ್ನಬೇಕಾದಲ್ಲಿ ಅಪ್ರೆಂಟಿಸ್‌ಶಿಪ್ ಎಂದು ಬರೆಯುವವರಿದ್ದಾರೆ. ಅಪ್ರೆಂಟಿಸ್‌ಶಿಪ್ ಎಂಬುದು 1961ರ ಕಾಯ್ದೆಯಡಿ ಒಪ್ಪಂದ ನೋಂದಾಯಿಸಿ ನಡೆಯುವ ತರಬೇತಿ. ಎಂಜಿನಿಯರುಗಳು ಸಾಮಾನ್ಯವಾಗಿ ಅದಕ್ಕೆ ಸೇರುವುದು ಪದವಿ ಮುಗಿದ ಮೇಲೆ. ಎಚ್‌ಆರ್ ವಿಭಾಗದಲ್ಲಿ ಎರಡಕ್ಕೂ ಬೇರೆ ಬೇರೆ ಕಡತ, ಕೆಲವೊಮ್ಮೆ ಬೇರೆ ಬೇರೆ ಮನುಷ್ಯರು. ಮೇಲ್ ತಪ್ಪು ಕಡತಕ್ಕೆ ಹೋದರೆ ಅಲ್ಲಿಂದ ಈಚೆ ಬರುವುದು ಕಷ್ಟ.

ಇನ್ನು ಒಕ್ಕಣೆ. ಶಾಲೆಯಲ್ಲಿ ರಜಾ ಅರ್ಜಿ ಬರೆದು ಕಲಿತ ‘ಇಂದ, ಗೆ, ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬ ಅಚ್ಚು ಎಂಜಿನಿಯರಿಂಗ್ ಮುಗಿಯುವವರೆಗೂ ಕೈಬಿಡುವುದಿಲ್ಲ. ಮೇಲ್‌ನಲ್ಲಿ ಅದೇ ಅಚ್ಚು ಇಂಗ್ಲಿಷ್‌ನಲ್ಲಿ ಇಳಿಯುತ್ತದೆ. ಕಾಲೇಜಿನ ಪೂರ್ತಿ ವಿಳಾಸ ಐದು ಸಾಲು, ಕಂಪನಿಯ ವಿಳಾಸ ನಾಲ್ಕು ಸಾಲು, ನಂತರ ಗೌರವಪೂರ್ವಕ ವಂದನೆ, ಆಮೇಲೆ ಕಂಪನಿಯ ಹೊಗಳಿಕೆ. ‘ತಮ್ಮ ಪ್ರತಿಷ್ಠಿತ ಸಂಸ್ಥೆ’ ಎಂಬ ಮಾತು ಪ್ರತಿಷ್ಠೆ ಇಲ್ಲದ ಸಂಸ್ಥೆಗಳಿಗೂ ಹೋಗುತ್ತಿರುತ್ತದೆ ಎಂಬುದು ಎಚ್‌ಆರ್‌ನವರಿಗೆ ಚೆನ್ನಾಗಿ ಗೊತ್ತು. ಯಾರಿಂದ ಯಾರಿಗೆ ಎಂಬುದನ್ನು ಮೇಲ್‌ನ ತಲೆಪಟ್ಟಿಯೇ ಹೇಳಿರುತ್ತದೆ. ಇನ್‌ಬಾಕ್ಸ್ ಪಟ್ಟಿಯಲ್ಲಿ ಸಬ್ಜೆಕ್ಟಿನ ಪಕ್ಕದಲ್ಲೋ ಕೆಳಗೋ ಮೇಲ್‌ನ ಮೊದಲ ಕೆಲವು ಪದಗಳು ಕಾಣುತ್ತವೆ. ಆ ಜಾಗವನ್ನು ಕಾಲೇಜಿನ ಪಿನ್‌ಕೋಡ್‌ಗೆ ಕೊಟ್ಟರೆ ವ್ಯರ್ಥ. ಹೆಸರು ಗೊತ್ತಿದ್ದರೆ ಹೆಸರು ಹಿಡಿದು, ಗೊತ್ತಿಲ್ಲದಿದ್ದರೆ ‘ಡಿಯರ್ ಎಚ್‌ಆರ್ ಟೀಮ್’ ಎಂದು ಬರೆದು ನೇರ ವಿಷಯಕ್ಕೆ ಬಂದರೆ ಸಾಕು. ಅದನ್ನು ಯಾರೂ ಅಗೌರವ ಎಂದುಕೊಳ್ಳುವುದಿಲ್ಲ.

ಮೊದಲ ಪ್ಯಾರಾ ಪೂರ್ತಿ ಎಚ್‌ಆರ್‌ನವರಿಗೆ ಮೀಸಲು. ಇಂಥ ಮೇಲ್‌ಗಳನ್ನು ರೂಢಿಯಲ್ಲಿ ಇಂಗ್ಲಿಷ್‌ನಲ್ಲೇ ಬರೆಯುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ ಅದರ ಒಕ್ಕಣೆ ಹೀಗಿರುತ್ತದೆ:

‘ನಾನು ತುಮಕೂರಿನಲ್ಲಿ ಬಿಇ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ಏಳನೇ ಸೆಮಿಸ್ಟರ್‌ನಲ್ಲಿ ಓದುತ್ತಿದ್ದೇನೆ. 2026ರ ಫೆಬ್ರುವರಿ 2ರಿಂದ ಮೇ 29ರವರೆಗೆ, 17 ವಾರ, ನಿಮ್ಮ ಎಂಬೆಡೆಡ್ ವಿಭಾಗದಲ್ಲಿ ಇಂಟರ್ನ್ ಆಗಿ ಕೆಲಸ ಮಾಡಲು ಅರ್ಜಿ ಸಲ್ಲಿಸುತ್ತಿದ್ದೇನೆ. ಈ ಅವಧಿಯಲ್ಲಿ ಕಾಲೇಜಿನಲ್ಲಿ ತರಗತಿಗಳಿಲ್ಲ. ಪೀಣ್ಯಕ್ಕೆ ವಾರದ ಐದೂ ದಿನ ಬರಬಲ್ಲೆ. ಇಂಟರ್ನ್‌ಶಿಪ್ ನಮ್ಮ ಪಠ್ಯದ ಭಾಗವಾದ್ದರಿಂದ ನಿರಾಕ್ಷೇಪಣಾ ಪತ್ರವನ್ನು ಕಾಲೇಜು ಕೊಡುತ್ತದೆ. ಬ್ಯಾಕ್‌ಲಾಗ್ ಇಲ್ಲ.’

ಆರೇ ವಾಕ್ಯ. ಎಚ್‌ಆರ್‌ನವರ ಕೆಲಸ ಇಲ್ಲಿಗೆ ಮುಗಿಯಿತು. ಬ್ಯಾಕ್‌ಲಾಗ್ ಇದ್ದರೆ ಏನು ಮಾಡಬೇಕು ಎಂಬ ಪ್ರಶ್ನೆ ಹಲವರನ್ನು ಕಾಡುತ್ತದೆ. ಕಂಪನಿ ತನ್ನ ಪ್ರಕಟಣೆಯಲ್ಲಿ ಆ ವಿವರ ಕೇಳಿದ್ದರೆ ಬರೆಯಲೇಬೇಕು. ಕೇಳಿಲ್ಲದಿದ್ದರೆ ಮೇಲ್‌ನಲ್ಲಿ ಬರೆಯಬೇಕಿಲ್ಲ, ರೆಸ್ಯೂಮೆಯಲ್ಲಿ ಸುಳ್ಳು ಇರದಿದ್ದರೆ ಆಯಿತು. ಸ್ಟೈಪೆಂಡ್ ಎಷ್ಟು ಎಂದು ಮೊದಲ ಮೇಲ್‌ನಲ್ಲೇ ಕೇಳುವುದು ತಪ್ಪೇನಲ್ಲವಾದರೂ ಆ ಹೊತ್ತಿಗೆ ಉತ್ತರಿಸುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ.

ಎರಡನೇ ಓದುಗರಿಗೆಂದೇ ಬರೆಯುವುದು ಪ್ರಾಜೆಕ್ಟ್ ಪ್ಯಾರಾ. ಇಡೀ ಮೇಲ್‌ನ ಜೀವ ಇರುವುದು ಇಲ್ಲಿ, ಹೆಚ್ಚು ಮಂದಿ ಎಡವುವುದೂ ಇಲ್ಲೇ. ನಮ್ಮ ವಿದ್ಯಾರ್ಥಿನಿಯ ರೆಸ್ಯೂಮೆಯಲ್ಲಿ ಮೊದಲಿಗೆ ಇದ್ದ ಸಾಲು ಇದು: ‘ಐಒಟಿ ಮತ್ತು ಮೆಷಿನ್ ಲರ್ನಿಂಗ್ ಬಳಸಿ ಮೋಟಾರುಗಳ ಸ್ಮಾರ್ಟ್ ಪ್ರೆಡಿಕ್ಟಿವ್ ಮೇಂಟೆನೆನ್ಸ್ ವ್ಯವಸ್ಥೆ, 98 ಶೇಕಡಾ ನಿಖರತೆ.’ ಓದಲು ಭರ್ಜರಿಯಾಗಿದೆ. ಆದರೆ ಈ ಕ್ಷೇತ್ರದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ ಎಂಜಿನಿಯರ್‌ಗೆ ಇದರಿಂದ ಒಂದೇ ಒಂದು ವಿಷಯವೂ ತಿಳಿಯುವುದಿಲ್ಲ. ಯಾವ ಮೋಟಾರು? ಯಾವ ದೋಷ? ಏನನ್ನು ಅಳೆದರು? ನಿಖರತೆ ಯಾವುದಕ್ಕೆ ಹೋಲಿಸಿದರೆ? ನಾಲ್ವರ ತಂಡದಲ್ಲಿ ಇವಳು ಮಾಡಿದ್ದೇನು? ಇದೇ ಸಾಲು, ಪದ ಕೂಡ ಬದಲಾಗದೆ, ರಾಜ್ಯದ ಯಾವುದೇ ಕಾಲೇಜಿನ ಯಾರ ರೆಸ್ಯೂಮೆಯಲ್ಲಾದರೂ ಇರಬಹುದು. ಎಚ್‌ಆರ್ ಹಂತ ದಾಟಿಸಲು ಇದರಲ್ಲಿನ ದೊಡ್ಡ ಪದಗಳು ನೆರವಾದಾವು, ಮುಂದೆ ಅವೇ ಅಡ್ಡಿಯಾಗುತ್ತವೆ.

ಅವಳ ತಂಡ ನಿಜವಾಗಿ ಮಾಡಿದ ಕೆಲಸ ಆ ಸಾಲಿಗಿಂತ ಬಹಳ ಸ್ವಾರಸ್ಯಕರ. ಆ ಮೋಟಾರು ನಿಮಿಷಕ್ಕೆ 1440 ಸುತ್ತು, ಅಂದರೆ ಸೆಕೆಂಡಿಗೆ 24 ಸುತ್ತು ತಿರುಗುತ್ತದೆ. ಅದರಲ್ಲಿರುವುದು 6205 ಎಂಬ, ಅಂಗಡಿಯಲ್ಲಿ ಸುಲಭವಾಗಿ ಸಿಗುವ ಬೇರಿಂಗ್. ಬೇರಿಂಗ್‌ನ ಹೊರ ಉಂಗುರದಲ್ಲಿ ಒಂದು ಕಚ್ಚು ಬಿದ್ದರೆ, ಒಳಗಿನ ಗುಂಡುಗಳು ಪ್ರತಿ ಬಾರಿ ಅದರ ಮೇಲೆ ಹಾದಾಗಲೂ ಸಣ್ಣದೊಂದು ಹೊಡೆತ ಬೀಳುತ್ತದೆ. ಈ ಬೇರಿಂಗ್‌ನ ಅಳತೆಗಳ ಪ್ರಕಾರ ಶಾಫ್ಟ್ ಒಂದು ಸುತ್ತು ತಿರುಗಿದರೆ ಸುಮಾರು 3.58 ಹೊಡೆತ. ಹಾಗಾಗಿ ಸೆಕೆಂಡಿಗೆ 24 ಸುತ್ತು ತಿರುಗುವ ಮೋಟಾರಿನಲ್ಲಿ 86 ಹರ್ಟ್ಸ್ ಹತ್ತಿರ ಒಂದು ಹೆಚ್ಚುವರಿ ಅದುರು ಕಾಣಬೇಕು. ತಂಡದವರು ಒಂದು ಬೇರಿಂಗ್‌ನ ಹೊರ ಉಂಗುರಕ್ಕೆ ವರ್ಕ್‌ಶಾಪ್‌ನಲ್ಲಿ ಬೇಕೆಂದೇ ಕಚ್ಚು ಹಾಕಿಸಿ, ಮೋಟಾರಿಗೆ ಕೂರಿಸಿ, ಅದುರುವಿಕೆಯನ್ನು ದಾಖಲಿಸಿಕೊಂಡರು. ಲೆಕ್ಕ ಹೇಳಿದ ಜಾಗದ ಆಸುಪಾಸಿನಲ್ಲೇ ಗೆರೆ ಎದ್ದು ನಿಂತಿತು. ಪ್ರಾಜೆಕ್ಟ್ ಕೆಲಸ ಮಾಡಿತು ಎನ್ನಲು ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಆದರೂ ರೆಸ್ಯೂಮೆಯಲ್ಲಿ ಇದರ ಸುಳಿವೇ ಇರಲಿಲ್ಲ.

ಅವಳ ಪಾಲಿನ ಕೆಲಸ ಸೆನ್ಸರ್‌ನಿಂದ ಅಂಕಿಗಳನ್ನು ಓದಿ ಕಳಿಸುವ ಫರ್ಮ್‌ವೇರ್. ಅದುರು ಅಳೆಯುವ ಎಡಿಎಕ್ಸ್‌ಎಲ್345 ಎಂಬ ಚಿಪ್‌ಗೆ ಸೆಕೆಂಡಿಗೆ 3200 ಬಾರಿ ಅಳೆಯುವ ಸಾಮರ್ಥ್ಯವಿದೆ. ಆದರೆ ಕಾಲೇಜು ಲ್ಯಾಬ್‌ಗಳಲ್ಲಿ ರೂಢಿಯಲ್ಲಿರುವ ಎರಡು ತಂತಿಯ ಐ2ಸಿ ಜೋಡಣೆಯಲ್ಲಿ ಇಟ್ಟರೆ 800ಕ್ಕಿಂತ ಹೆಚ್ಚು ನಂಬುವಂತಿಲ್ಲ. ಪೂರ್ಣ ವೇಗ ಬೇಕಾದರೆ ಎಸ್‌ಪಿಐ ಜೋಡಣೆಗೆ ಹೋಗಬೇಕು. ಚಿಪ್‌ನ ಡೇಟಾಶೀಟ್‌ನಲ್ಲೇ ಇದು ಬರೆದಿದೆ. ಓದಿದವರಿಗೆ ಮಾತ್ರ ಗೊತ್ತು. ಅವಳು ಜೋಡಣೆ ಬದಲಿಸಿದಳು. ಬದಲಿಸಿದ ಮೇಲೆ ಹೊಸ ತೊಂದರೆ ಎದುರಾಯಿತು. ಇಎಸ್‌ಪಿ32 ಬೋರ್ಡ್ ವೈಫೈ ಮೂಲಕ ಅಂಕಿಗಳನ್ನು ಕಳಿಸುವ ಹೊತ್ತಿನಲ್ಲಿ ಸೆನ್ಸರ್ ಕಡೆ ತಿರುಗುತ್ತಿರಲಿಲ್ಲ. ಚಿಪ್ ತನ್ನಲ್ಲಿ 32 ಅಳತೆಗಳನ್ನು ಹಿಡಿದಿಡಬಲ್ಲದು. ಆ ವೇಗದಲ್ಲಿ ಅದು 10 ಮಿಲಿಸೆಕೆಂಡಿನಲ್ಲಿ ತುಂಬಿಹೋಗುತ್ತದೆ. ತುಂಬಿದ ಮೇಲೆ ಬಂದದ್ದಕ್ಕೆ ಜಾಗವಿಲ್ಲದೆ ಅಳತೆಗಳು ಕಳೆದುಹೋಗುತ್ತಿದ್ದವು. ಇದು ಗೊತ್ತಾದದ್ದು ನಿಗದಿತ ಸಮಯದಲ್ಲಿ ಬರಬೇಕಾದ ಅಳತೆಗಳೆಷ್ಟು, ಬಂದದ್ದೆಷ್ಟು ಎಂದು ಎಣಿಸಿ ನೋಡಿದಾಗ. ನೂರಕ್ಕೆ ಏಳು ನಾಪತ್ತೆ. ಇಎಸ್‌ಪಿ32ರಲ್ಲಿ ಎರಡು ಕೋರ್‌ಗಳಿರುವುದರಿಂದ ಒಂದಕ್ಕೆ ವೈಫೈ, ಇನ್ನೊಂದಕ್ಕೆ ಸೆನ್ಸರ್ ಓದುವ ಕೆಲಸ ಎಂದು ಹಂಚಿದ ಮೇಲೆ ಹತ್ತು ನಿಮಿಷದ ದಾಖಲೆಯಲ್ಲಿ ಒಂದೂ ತಪ್ಪಲಿಲ್ಲ.

ಇದು ಇಂಟರ್ನ್ ಹುಡುಕುವ ಎಂಜಿನಿಯರ್ ಓದಲು ಬಯಸುವ ಸಂಗತಿ. ದೊಡ್ಡ ಆವಿಷ್ಕಾರವೇನೂ ಅಲ್ಲ, ಅವರೇ ತಮ್ಮ ಮೊದಲ ವರ್ಷದಲ್ಲಿ ಎದುರಿಸಿರಬಹುದಾದ ತೊಂದರೆ. ಆದರೆ ಇದನ್ನು ಅಂತರ್ಜಾಲದಿಂದ ಇಳಿಸಿಕೊಂಡ ಅಥವಾ ಅಂಗಡಿಯಿಂದ ಕೊಂಡ ಪ್ರಾಜೆಕ್ಟ್‌ನಲ್ಲಿ ಕಾಣಲಾಗದು. ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಗಳು ಬೆಂಗಳೂರಿನಲ್ಲಿ ಕಡಿಮೆಯಿಲ್ಲ, ಕಂಪನಿಗಳಿಗೆ ಅದು ಗೊತ್ತಿಲ್ಲದ್ದೂ ಅಲ್ಲ. ಏನು ಕೆಟ್ಟಿತು, ಅದು ಹೇಗೆ ಗೊತ್ತಾಯಿತು, ಹೇಗೆ ಸರಿಯಾಯಿತು ಎಂಬ ಮೂರನ್ನು ಒಟ್ಟಿಗೆ ಹೇಳಬಲ್ಲವರು ಆ ಕೆಲಸಕ್ಕೆ ಕೈ ಹಾಕಿದವರು ಮಾತ್ರ.

98 ಶೇಕಡಾದ ಕತೆ ಇನ್ನೂ ಬಾಕಿ ಇದೆ. ತಂಡದ ಇನ್ನೊಬ್ಬರು ದಾಖಲೆಗಳನ್ನು ಒಂದೊಂದು ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಎಲ್ಲವನ್ನೂ ಕಲೆಸಿ, ಕೆಲವನ್ನು ಪ್ರೋಗ್ರಾಮ್‌ಗೆ ಕಲಿಸಲು, ಉಳಿದವನ್ನು ಪರೀಕ್ಷಿಸಲು ಬಳಸಿದ್ದರು. ಒಂದೇ ದಾಖಲೆಯ ಅಕ್ಕಪಕ್ಕದ ತುಂಡುಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಹಾಗಾಗಿ ಪ್ರೋಗ್ರಾಮ್ ಪರೀಕ್ಷೆಯಲ್ಲಿ ಕಂಡದ್ದು ಆಗಲೇ ನೋಡಿದ್ದರ ನೆರಳನ್ನೇ. ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ತೊಂಬತ್ತರ ಮೇಲಿನ ಅಂಕಿ ಕಂಡಾಗ ಅನುಭವಿಗಳು ಮೊದಲು ಶಂಕಿಸುವುದು ಇದನ್ನೇ. ಒಂದು ದಿನದ ದಾಖಲೆಯಿಂದ ಕಲಿಸಿ, ಸೆನ್ಸರನ್ನು ಕಳಚಿ ಮತ್ತೆ ಕೂರಿಸಿದ ಬೇರೊಂದು ದಿನದ ದಾಖಲೆಯಿಂದ ಪರೀಕ್ಷಿಸಿದಾಗ ಅಂಕಿ 84ಕ್ಕೆ ಇಳಿಯಿತು. ಮೇಲ್‌ನಲ್ಲಿ ಯಾವುದನ್ನು ಬರೆಯಬೇಕು? ವಿದ್ಯಾರ್ಥಿಗಳು 98 ಎನ್ನುತ್ತಾರೆ. 84ನ್ನು, ಅದು ಹೇಗೆ ಬಂತು ಎಂಬ ಅರ್ಧ ವಾಕ್ಯದೊಂದಿಗೆ ಬರೆಯುವುದೇ ಲಾಭ. 98 ಎಂದವರಿಗೆ ಸಂದರ್ಶನದಲ್ಲಿ ಕೇಳುವ ಮೊದಲ ಪ್ರಶ್ನೆಗೇ ಉತ್ತರವಿರುವುದಿಲ್ಲ. 84 ಎಂದು ಕಾರಣ ಸಹಿತ ಬರೆದವರಿಗೆ ಆ ಪ್ರಶ್ನೆಯೇ ಬರುವುದಿಲ್ಲ.

ಮಿತಿಗಳನ್ನು ಬರೆಯುವುದಕ್ಕೆ ಹೆಚ್ಚಿನವರು ಹಿಂಜರಿಯುತ್ತಾರೆ. ಇವಳ ಪ್ರಾಜೆಕ್ಟ್‌ನಲ್ಲಿ ಒಂದೇ ಮೋಟಾರು, ಒಂದೇ ಬಗೆಯ ದೋಷ, ಅದೂ ಬೇಕೆಂದೇ ಮಾಡಿದ್ದು. ಜೊತೆಗೆ, ಬೇರಿಂಗ್ ಹಾಳಾಗುವುದರ ಮೊದಮೊದಲ ಸೂಚನೆಗಳು ಹಲವು ಸಾವಿರ ಹರ್ಟ್ಸ್‌ಗಳ ಎತ್ತರದಲ್ಲಿ ಕಾಣಿಸಿಕೊಳ್ಳುತ್ತವೆ. ಸೆಕೆಂಡಿಗೆ 3200 ಬಾರಿ ಅಳೆಯುವ ಚಿಪ್‌ಗೆ 1600 ಹರ್ಟ್ಸ್‌ಗಿಂತ ಮೇಲಿನದು ಸರಿಯಾಗಿ ಸಿಗುವುದಿಲ್ಲ. ಹೀಗಾಗಿ ಈ ಅಗ್ಗದ ಸೆನ್ಸರ್ ಸಾಕಷ್ಟು ಮುಂದುವರಿದ ದೋಷವನ್ನು ಹಿಡಿದೀತೇ ಹೊರತು ಆರಂಭದ್ದನ್ನಲ್ಲ. ಕಂಪನಿಯ ಎಂಜಿನಿಯರ್‌ಗೆ ಇದು ಮೊದಲೇ ಗೊತ್ತು. ವಿದ್ಯಾರ್ಥಿಗೂ ಗೊತ್ತಿದೆ ಎಂದು ಕಂಡರೆ ಆ ಮೇಲ್‌ಗೆ ಬೆಲೆ ಬರುತ್ತದೆ. ಇದಕ್ಕೆ ಒಂದು ವಾಕ್ಯ ಸಾಕು, ಪ್ಯಾರಾ ತುಂಬ ಮಿತಿಗಳನ್ನೇ ತೋಡಿಕೊಂಡರೆ ಅದು ಬೇರೆಯೇ ಕತೆಯಾಗುತ್ತದೆ.

ಇಷ್ಟನ್ನೂ ಹೊಂದಿಸಿದಾಗ ಪ್ರಾಜೆಕ್ಟ್ ಪ್ಯಾರಾ ಈ ರೂಪಕ್ಕೆ ಬರುತ್ತದೆ:

‘ನಾಲ್ವರ ತಂಡವಾಗಿ ನಾವು ಎರಡು ಎಚ್‌ಪಿ ಮೋಟಾರಿನ ಬೇರಿಂಗ್ ದೋಷವನ್ನು ಅದುರುವಿಕೆಯಿಂದ ಪತ್ತೆ ಹಚ್ಚುವ ಸಾಧನ ಮಾಡಿದ್ದೇವೆ. ಇಎಸ್‌ಪಿ32 ಫರ್ಮ್‌ವೇರ್ ನನ್ನ ಜವಾಬ್ದಾರಿಯಾಗಿತ್ತು. ಎಡಿಎಕ್ಸ್‌ಎಲ್345 ಸೆನ್ಸರನ್ನು ಐ2ಸಿಯಿಂದ ಎಸ್‌ಪಿಐಗೆ ಬದಲಿಸಿ ವೇಗವನ್ನು ಸೆಕೆಂಡಿಗೆ 800 ಅಳತೆಗಳಿಂದ 3200ಕ್ಕೆ ಏರಿಸಿದೆ. ವೈಫೈ ಕಳಿಸುವಾಗ ಶೇಕಡಾ 7ರಷ್ಟು ಅಳತೆಗಳು ಕಳೆದುಹೋಗುತ್ತಿದ್ದವು. ಓದುವ ಕೆಲಸವನ್ನು ಬೇರೆ ಕೋರ್‌ಗೆ ವರ್ಗಾಯಿಸಿದ ಮೇಲೆ ಹತ್ತು ನಿಮಿಷದ ಪರೀಕ್ಷೆಯಲ್ಲಿ ಒಂದೂ ತಪ್ಪಲಿಲ್ಲ. ಹೊರ ಉಂಗುರಕ್ಕೆ ಕಚ್ಚು ಹಾಕಿದ 6205 ಬೇರಿಂಗ್‌ನಲ್ಲಿ ನಿರೀಕ್ಷಿತ 86 ಹರ್ಟ್ಸ್ ಹತ್ತಿರ ದೋಷ ಸ್ಪಷ್ಟವಾಗಿ ಕಂಡಿತು. ಬೇರೆ ದಿನದ ದಾಖಲೆಗಳ ಮೇಲೆ ತಂಡದ ವರ್ಗೀಕರಣ ಶೇಕಡಾ 84ರಷ್ಟು ಸರಿಯಿತ್ತು. ಪರೀಕ್ಷೆ ಒಂದೇ ಮೋಟಾರಿನ ಮೇಲೆ ನಡೆದಿದೆ, 1600 ಹರ್ಟ್ಸ್ ಮೇಲಿನ ಆರಂಭಿಕ ಲಕ್ಷಣಗಳು ಈ ಸೆನ್ಸರ್‌ಗೆ ಸಿಗುವುದಿಲ್ಲ.’

ಇಲ್ಲಿ ‘ನಾವು’ ಮತ್ತು ‘ನಾನು’ ಬೇರೆ ಬೇರೆಯಾಗಿ ನಿಂತಿರುವುದನ್ನು ಗಮನಿಸಬೇಕು. ಇಡೀ ಕೆಲಸವನ್ನು ತನ್ನದೇ ಎಂದುಕೊಂಡರೆ ವರ್ಗೀಕರಣದ ಬಗ್ಗೆ ಪ್ರಶ್ನೆ ಬಂದಾಗ ತಡವರಿಸಬೇಕಾಗುತ್ತದೆ. ಎಲ್ಲವನ್ನೂ ‘ನಾವು’ ಎಂದರೆ ಇವಳು ಮಾಡಿದ್ದೇನು ಎಂಬುದೇ ತಿಳಿಯುವುದಿಲ್ಲ. ಅದೇ ತಂಡದ ನಾಲ್ವರೂ ಒಂದೇ ಕಂಪನಿಗೆ ಒಂದೇ ಪ್ಯಾರಾ ಕಳಿಸುವುದು ಅಪರೂಪವಲ್ಲ. ನಾಲ್ಕೂ ಮೇಲ್ ಒಬ್ಬರ ಮುಂದೆಯೇ ಬೀಳುತ್ತವೆ, ನಾಲ್ಕಕ್ಕೂ ಒಂದೇ ಗತಿ ಆಗುತ್ತದೆ.

ಎರಡನೇ ಪ್ರಾಜೆಕ್ಟ್ ಬೇಕೇ? ಅದು ಕಂಪನಿಯ ಕೆಲಸಕ್ಕೆ ಹತ್ತಿರವಿದ್ದರೆ ಎರಡು ವಾಕ್ಯದಲ್ಲಿ ಹೇಳಬಹುದು. ಮೂರನೇ ಸೆಮಿಸ್ಟರ್‌ನಲ್ಲಿ ಮಾಡಿದ ಗೆರೆ ಹಿಡಿದು ಓಡುವ ರೋಬೋ, ಐದನೆಯದರಲ್ಲಿ ಮಾಡಿದ ಗಿಡಕ್ಕೆ ನೀರು ಹಾಕುವ ಯಂತ್ರ ರೆಸ್ಯೂಮೆಯಲ್ಲಿ ಇರಲಿ. ಮೇಲ್‌ಗೆ ಅವು ಭಾರ. ಅದೇ ರೀತಿ ‘ಸಿ, ಸಿ++, ಪೈಥಾನ್, ಜಾವಾ, ಮ್ಯಾಟ್‌ಲ್ಯಾಬ್’ ಎಂದು ಕಲಿತದ್ದರ ಪಟ್ಟಿ ಕೊಡುವ ಅಗತ್ಯವೂ ಇಲ್ಲ. ಯಾವುದನ್ನು ಬಳಸಿದ್ದಾಳೆ ಎಂಬುದು ಪ್ರಾಜೆಕ್ಟ್ ಪ್ಯಾರಾದಲ್ಲೇ ಗೊತ್ತಾಗುತ್ತದೆ.

ಈ ಕಂಪನಿಯೇ ಏಕೆ ಎಂಬುದಕ್ಕೆ ಒಂದು ವಾಕ್ಯ ಬೇಕು. ಅದು ಹೊಗಳಿಕೆಯಾಗಬಾರದು, ಸಂಬಂಧ ತೋರಿಸಬೇಕು. ‘ನಿಮ್ಮ ಜಾಲತಾಣದಲ್ಲಿರುವ ಪಂಪ್ ನಿಗಾ ಸಾಧನ ಬ್ಯಾಟರಿಯಲ್ಲಿ ನಡೆಯುತ್ತದೆ ಎಂದು ಓದಿದೆ, ನಮ್ಮದು ಕರೆಂಟಿನ ಮೇಲೆ ನಡೆಯುತ್ತದೆ, ಕಡಿಮೆ ವಿದ್ಯುತ್ತಿನಲ್ಲಿ ಇದನ್ನು ಮಾಡುವುದು ಹೇಗೆಂದು ಕಲಿಯಬೇಕಿದೆ’ ಎಂಬಂಥದ್ದು. ಈ ಒಂದು ವಾಕ್ಯವನ್ನು ಪ್ರತಿ ಕಂಪನಿಗೂ ಬೇರೆಯಾಗಿ ಬರೆಯಬೇಕಾದ್ದರಿಂದ ದಿನಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಮೇಲ್ ಕಳಿಸಲು ಆಗದು. ಆಗಬಾರದು ಕೂಡ. ನಲವತ್ತು ಕಂಪನಿಗಳ ವಿಳಾಸವನ್ನು ಒಟ್ಟಿಗೆ ಬಿಸಿಸಿಯಲ್ಲಿ ಹಾಕಿ ಕಳಿಸಿದ ಮೇಲ್‌ನಲ್ಲಿ ಪಡೆಯುವವರ ವಿಳಾಸವೇ ಕಾಣುವುದಿಲ್ಲ, ಹಾಗಾಗಿ ಅದು ಎಲ್ಲರಿಗೂ ಹೋದದ್ದು ಎಂದು ಎಚ್‌ಆರ್‌ಗೆ ತಕ್ಷಣ ಗೊತ್ತಾಗುತ್ತದೆ. ಹಳೆಯ ಮೇಲನ್ನೇ ಫಾರ್ವರ್ಡ್ ಮಾಡಿ, ಹಿಂದಿನ ಕಂಪನಿಯ ಹೆಸರು ಹಾಗೇ ಉಳಿದುಬಿಡುವುದು ಇನ್ನೊಂದು ಬಗೆ. ಅದಕ್ಕೆ ಉತ್ತರ ಬರುವುದಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಲಗತ್ತಿನ ವಿಷಯ ಸರಳ, ಆದರೂ ಕೆಡುವುದು ಸಾಮಾನ್ಯ. ಒಂದು ಪುಟದ ರೆಸ್ಯೂಮೆ, ಪಿಡಿಎಫ್‌ನಲ್ಲಿ. ವರ್ಡ್ ಕಡತವಾದರೆ ಬೇರೆ ಕಂಪ್ಯೂಟರಿನಲ್ಲಿ ಅಕ್ಷರವಿನ್ಯಾಸ ಚೆಲ್ಲಾಪಿಲ್ಲಿಯಾಗಬಹುದು. ಕಡತಕ್ಕೆ ‘ಫೈನಲ್ ನ್ಯೂ 3’ ಎಂಬ ಹೆಸರಿದ್ದರೆ ಎಚ್‌ಆರ್‌ನವರ ಡೌನ್‌ಲೋಡ್ ಫೋಲ್ಡರ್‌ನಲ್ಲಿ ಅದು ಯಾರದೆಂದು ಗೊತ್ತಾಗುವುದಿಲ್ಲ. ವಿದ್ಯಾರ್ಥಿಯ ಹೆಸರು ಮತ್ತು ಬ್ರಾಂಚ್ ಕಡತದ ಹೆಸರಿನಲ್ಲೇ ಇರಬೇಕು. ಜಿಮೇಲ್ 25 ಎಂಬಿವರೆಗೆ ಲಗತ್ತನ್ನು ಒಪ್ಪುತ್ತದೆಯಾದರೂ ಪಡೆಯುವ ಕಂಪನಿಯ ಸರ್ವರ್ ಅಷ್ಟನ್ನು ಒಪ್ಪಬೇಕೆಂದಿಲ್ಲ. ಆದ್ದರಿಂದ ಒಂದು ಎಂಬಿ ದಾಟದಿದ್ದರೆ ಕ್ಷೇಮ. ಪ್ರಾಜೆಕ್ಟ್ ರಿಪೋರ್ಟ್, ಅಂಕಪಟ್ಟಿಗಳು, ಕಾರ್ಯಾಗಾರದ ಸರ್ಟಿಫಿಕೇಟ್‌ಗಳು ಯಾವುವೂ ಮೊದಲ ಮೇಲ್‌ಗೆ ಬೇಡ. ಪ್ರೋಗ್ರಾಮ್‌ಗಳನ್ನು ಜಿಪ್ ಮಾಡಿ ಕಳಿಸಿದರೆ ಭದ್ರತಾ ಜಾಲರಿಯಲ್ಲೇ ಸಿಕ್ಕಿಬಿದ್ದೀತು.

ಕೋಡ್ ಮತ್ತು ಗ್ರಾಫ್ ತೋರಿಸಲು ಲಿಂಕ್ ಕೊಡುವುದೇ ಸರಿ. ಗೂಗಲ್ ಡ್ರೈವ್ ಲಿಂಕ್‌ನ ಕತೆ ಮಾತ್ರ ಎಲ್ಲೆಲ್ಲೂ ಒಂದೇ. ಡ್ರೈವ್‌ನಲ್ಲಿ ಹೊಸ ಕಡತ `Restricted` ಎಂಬ ಸ್ಥಿತಿಯಲ್ಲೇ ಇರುತ್ತದೆ. ಅದನ್ನು `Anyone with the link` ಎಂದು ಬದಲಿಸದಿದ್ದರೆ ತೆರೆದವರಿಗೆ ಕಾಣುವುದು ಅನುಮತಿ ಕೇಳುವ ಪುಟ. ಫಾರ್ವರ್ಡ್ ಆದ ಮೇಲ್ ಓದುತ್ತಿರುವ ಎಂಜಿನಿಯರ್ ಅನುಮತಿ ಕೇಳಿ ಕಾಯುತ್ತ ಕೂರುವುದಿಲ್ಲ. ಕಳಿಸಿದವರಿಗೆ ತಮ್ಮ ಖಾತೆಯಲ್ಲಿ ಲಿಂಕ್ ಸರಿಯಾಗಿಯೇ ತೆರೆಯುವುದರಿಂದ ದೋಷ ಗೊತ್ತೇ ಆಗುವುದಿಲ್ಲ. ಲಾಗಿನ್ ಆಗಿರದ ಬ್ರೌಸರ್‌ನಲ್ಲಿ, ಅಂದರೆ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಒಮ್ಮೆ ತೆರೆದು ನೋಡಿದರೆ ತಿಳಿಯುತ್ತದೆ. ಗಿಟ್‌ಹಬ್‌ನಲ್ಲೂ ಇದೇ ಪರೀಕ್ಷೆ. ಅಲ್ಲಿ ರೆಪಾಸಿಟರಿ ಖಾಸಗಿಯಾಗಿದ್ದರೆ ಹೊರಗಿನವರಿಗೆ ಅಂಥ ಪುಟವೇ ಇಲ್ಲ ಎಂಬ 404 ಸಂದೇಶ ಬರುತ್ತದೆ. ಗಿಟ್‌ಹಬ್‌ಗೆ ಹಾಕುವ ಮುನ್ನ ಕೋಡ್‌ನಲ್ಲಿ ಹಾಸ್ಟೆಲ್ ವೈಫೈಯ ಪಾಸ್‌ವರ್ಡ್ ಹಾಗೇ ಉಳಿದಿದೆಯೇ ಎಂದೂ ನೋಡಿಕೊಳ್ಳಬೇಕು. ಇಎಸ್‌ಪಿ32 ಪ್ರಾಜೆಕ್ಟ್‌ಗಳಲ್ಲಿ ಇದು ಉಳಿದೇ ಉಳಿದಿರುತ್ತದೆ.

ಮೇಲ್‌ನ ಕೊನೆಯಲ್ಲಿ ಹೆಸರು, ಕಾಲೇಜು, ಫೋನ್ ನಂಬರ್, ಅಷ್ಟೇ. ಕಳಿಸುವ ವಿಳಾಸವೂ ಹೆಸರಿನದ್ದಾಗಿರಬೇಕು. ಪಿಯುಸಿಯಲ್ಲಿ ತಮಾಷೆಗೆ ಮಾಡಿಕೊಂಡ ‘ರಾಕಿಂಗ್’ ವಿಳಾಸ ಎಚ್‌ಆರ್‌ನವರ ಮುಖದಲ್ಲಿ ನಗು ತಂದೀತು, ಕೆಲಸ ತರುವುದು ಅನುಮಾನ. ಮೇಲ್ ಒಟ್ಟಾರೆ ಇನ್ನೂರು ಇನ್ನೂರೈವತ್ತು ಇಂಗ್ಲಿಷ್ ಪದಗಳಲ್ಲಿ ಮುಗಿದರೆ ಮೊಬೈಲ್‌ನಲ್ಲಿ ಎರಡು ಸಲ ಬೆರಳಾಡಿಸುವಷ್ಟರಲ್ಲಿ ಓದಿ ಮುಗಿಯುತ್ತದೆ.

ಕಳಿಸಿದ ಕೆಲವೇ ನಿಮಿಷದಲ್ಲಿ `Address not found` ಎಂಬ ಉತ್ತರ ಬಂದರೆ ವಿಳಾಸವೇ ತಪ್ಪು ಎಂದರ್ಥ. ಕಂಪನಿಯ ಜಾಲತಾಣದಲ್ಲಿ ಕೆರಿಯರ್ಸ್ ಪುಟ ಹುಡುಕಬೇಕು. ಏನೂ ಬಾರದಿದ್ದರೆ ಏಳರಿಂದ ಹತ್ತು ದಿನ ಕಾಯುವುದು ರೂಢಿ. ಆಮೇಲೆ ಅದೇ ಮೇಲ್‌ಗೆ ರಿಪ್ಲೈ ಒತ್ತಿ ಎರಡು ಸಾಲು ಬರೆದರೆ ಹಳೆಯದೂ ಕೆಳಗೆ ಕಾಣುತ್ತದೆ, ಎಚ್‌ಆರ್‌ನವರು ಹುಡುಕಬೇಕಿಲ್ಲ. ಹೊಸ ಮೇಲ್ ಬರೆದರೆ ಮತ್ತೆ ಮೊದಲಿನಿಂದ ಆರಂಭ. ಆ ಎರಡು ಸಾಲಿನಲ್ಲಿ ಹೊಸದೇನಾದರೂ ಇದ್ದರೆ ಇನ್ನೂ ಒಳ್ಳೆಯದು: ‘ಈಗ ಎರಡನೇ ಮೋಟಾರಿನ ಮೇಲೂ ಪರೀಕ್ಷೆ ಮುಗಿದಿದೆ’ ಎಂಬಂತೆ. ಎರಡನೇ ನೆನಪೋಲೆಗೂ ಉತ್ತರ ಬಾರದಿದ್ದರೆ ಅಲ್ಲಿಗೆ ಬಿಡುವುದೇ ಮೇಲು. ಕೆಲವು ಕಂಪನಿಗಳು ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಯ ಮೂಲಕ ಬಂದ ಹೆಸರುಗಳನ್ನಷ್ಟೇ ತೆಗೆದುಕೊಳ್ಳುತ್ತವೆ. ಅಂಥಲ್ಲಿ ಎಷ್ಟು ಚೆನ್ನಾದ ಮೇಲ್ ಬರೆದರೂ ಫಲವಿಲ್ಲ, ಅದೇ ವಿವರವನ್ನು ಪ್ಲೇಸ್‌ಮೆಂಟ್ ಕಚೇರಿಗೆ ಕೊಡಬೇಕು.

ತೀರಾ ಬೇಗ ಬಂದ ಉತ್ತರವನ್ನೂ ಸ್ವಲ್ಪ ಅನುಮಾನದಿಂದ ನೋಡುವುದು ಒಳಿತು. ಪ್ರಾಜೆಕ್ಟ್ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ‘ಆಯ್ಕೆಯಾಗಿದ್ದೀರಿ, ನೋಂದಣಿ ಶುಲ್ಕ ಕಟ್ಟಿ’ ಎಂದರೆ ಅಲ್ಲಿ ಮಾರಾಟಕ್ಕಿರುವುದು ಸರ್ಟಿಫಿಕೇಟ್. ಇಂಟರ್ನ್‌ಶಿಪ್ ಪಠ್ಯದಲ್ಲಿ ಕಡ್ಡಾಯವಾದ ಮೇಲೆ ಇಂಥ ಅಂಗಡಿಗಳೂ ಹೆಚ್ಚಿವೆ. ಉತ್ತರ ಬಂದ ಮೇಲ್ ವಿಳಾಸದ ಕೊನೆಯ ಭಾಗ ಕಂಪನಿಯ ಜಾಲತಾಣದ ಹೆಸರೇ ಆಗಿದೆಯೇ ಎಂದು ನೋಡಿದರೆ ಅರ್ಧ ಸಂಶಯ ಪರಿಹಾರವಾಗುತ್ತದೆ.

ನಿಜವಾದ ಉತ್ತರ ಸಾಮಾನ್ಯವಾಗಿ ಚಿಕ್ಕದು: ‘ಗುರುವಾರ ಮೂರಕ್ಕೆ ಫೋನ್‌ನಲ್ಲಿ ಮಾತಾಡಬಹುದೇ?’ ಅದಕ್ಕೆ ಅದೇ ದಿನ, ರಿಪ್ಲೈ ಆಲ್ ಒತ್ತಿ ಉತ್ತರಿಸಬೇಕು. ಏಕೆಂದರೆ ಆ ಹೊತ್ತಿಗೆ ಎಂಜಿನಿಯರ್‌ರ ವಿಳಾಸವೂ ಸಿಸಿಯಲ್ಲಿ ಸೇರಿರುತ್ತದೆ. ಮಾತುಕತೆ ಫಲಿಸಿದರೆ ಕಂಪನಿ ಕೇಳುವ ಮೊದಲ ಕಾಗದ ಕಾಲೇಜಿನ ನಿರಾಕ್ಷೇಪಣಾ ಪತ್ರ. ಅದಕ್ಕೆ ವಿಭಾಗದ ಮುಖ್ಯಸ್ಥರ, ಪ್ರಾಂಶುಪಾಲರ ಸಹಿ ಬೀಳಲು ದಿನಗಳೇ ಹಿಡಿಯಬಹುದು. ಮೇಲ್ ಕಳಿಸಿದ ದಿನವೇ ಅದರ ಕರಡನ್ನು ಕಂಪನಿಯ ಹೆಸರಿನ ಜಾಗ ಖಾಲಿ ಬಿಟ್ಟು ವಿಭಾಗದ ಕಚೇರಿಯಲ್ಲಿ ಕೊಟ್ಟಿಟ್ಟರೆ ಫೆಬ್ರುವರಿ 2ಕ್ಕೆ ಪೀಣ್ಯದ ಗೇಟಿನಲ್ಲಿ ಕಾಗದಕ್ಕಾಗಿ ಕಾಯುತ್ತ ನಿಲ್ಲಬೇಕಾಗುವುದಿಲ್ಲ.